63 ಮತ್ತು 72: ಎರಡು ಲೆಕ್ಕ ಬಾಯಿಪಾಠ ಮಾಡಿದವರಿಗೆ

ಪುಣೆ ಹತ್ತಿರದ ಒಂದು ಡೈರಿಯಲ್ಲಿ ನಾನು ಕ್ವಾಲಿಟಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಅಥಣಿ, ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಫುಡ್ ಸೇಫ್ಟಿ ಪರೀಕ್ಷೆಗೂ ಓದುತ್ತಿರುತ್ತಾರೆ. ಪಾಶ್ಚರೀಕರಣದ ಬಗ್ಗೆ ಕೇಳಿದರೆ ಥಟ್ ಅಂತ ಉತ್ತರ ಬರುತ್ತದೆ: ಹೋಲ್ಡಿಂಗ್ ವಿಧಾನದಲ್ಲಿ 63 ಡಿಗ್ರಿ, 30 ನಿಮಿಷ. ಎಚ್‌ಟಿಎಸ್‌ಟಿಯಲ್ಲಿ ಅಂದರೆ ಹೆಚ್ಚು ಬಿಸಿ, ಕಡಿಮೆ ಹೊತ್ತಿನ ವಿಧಾನದಲ್ಲಿ 72 ಡಿಗ್ರಿ, 15 ಸೆಕೆಂಡ್. ಆಮೇಲೆ 4 ಡಿಗ್ರಿಗೆ ತಂಪು. ಉತ್ತರ ಸರಿ, ಮಾರ್ಕ್ಸೂ ಬರುತ್ತದೆ. ಆದರೆ ಈ ಎರಡು ಜೋಡಿಗೆ ಏನು ಸಂಬಂಧ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಅದು ಗೊತ್ತಿಲ್ಲದಿದ್ದರೆ ಪ್ಲಾಂಟ್‌ನಲ್ಲಿ ಏನಾದರೂ ತಪ್ಪಿದಾಗ ಎಲ್ಲಿ ಹುಡುಕಬೇಕು ಅನ್ನೋದೂ ಗೊತ್ತಾಗುವುದಿಲ್ಲ.

ಲೆಕ್ಕ ಮಾಡಿ ನೋಡಿ. 30 ನಿಮಿಷ ಅಂದರೆ 1800 ಸೆಕೆಂಡ್. ಅದನ್ನು 15ರಿಂದ ಭಾಗಿಸಿದರೆ 120. ಅಂದರೆ 9 ಡಿಗ್ರಿ ಏರಿಸಿದ್ದಕ್ಕೆ ಸಮಯ 120 ಪಟ್ಟು ಇಳಿಯಿತು. 120ರ ಲಾಗ್ ಸುಮಾರು 2.08. 9ನ್ನು ಅದರಿಂದ ಭಾಗಿಸಿದರೆ 4.3 ಬರುತ್ತದೆ. ಸಮಯ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ಎಷ್ಟು ಡಿಗ್ರಿ ಏರಿಸಬೇಕು ಅನ್ನೋದು ಈ 4.3. ಪರೀಕ್ಷೆಯಲ್ಲಿ ಇದನ್ನೇ ಜೆಡ್ ವ್ಯಾಲ್ಯೂ ಅಂತ ಕೇಳುತ್ತಾರೆ. ಇದರ ಪ್ರಕಾರ ಒಂದೇ ಒಂದು ಡಿಗ್ರಿ ಕಡಿಮೆಯಾಗಿ 71 ಆದರೂ ಅದೇ ಕೆಲಸಕ್ಕೆ 15 ಸೆಕೆಂಡ್ ಸಾಲದು, ಸುಮಾರು 26 ಬೇಕು. ಟ್ಯೂಬ್‌ನಲ್ಲಿ ಓಡುತ್ತಿರುವ ಹಾಲಿಗೆ ಆ ಹೆಚ್ಚಿನ 11 ಸೆಕೆಂಡ್ ಎಲ್ಲಿಂದ ತರುವುದು? ಅದಕ್ಕೇ ಎಚ್‌ಟಿಎಸ್‌ಟಿಯಲ್ಲಿ ಹಾಲು ಆ 15 ಸೆಕೆಂಡ್ ಓಡುವ ಹೋಲ್ಡಿಂಗ್ ಟ್ಯೂಬ್ ಮುಗಿಯುವ ಕಡೆ ಒಂದು ಸೆನ್ಸರ್, ಅದರ ಪಕ್ಕದಲ್ಲೇ ಫ್ಲೋ ಡೈವರ್ಷನ್ ವಾಲ್ವ್ ಇರುತ್ತದೆ. ಬಿಸಿ ಇಳಿದರೆ ಹಾಲು ಮುಂದಕ್ಕೆ ಹೋಗದೆ ಹಸಿ ಹಾಲಿನ ಬ್ಯಾಲೆನ್ಸ್ ಟ್ಯಾಂಕ್‌ಗೆ ವಾಪಸ್ ಬರುತ್ತದೆ.

ಹೋಲ್ಡಿಂಗ್ ವಿಧಾನದ ತೊಂದರೆ ಬೇರೆ ಥರದ್ದು. ಜಾಕೆಟ್ ಇರುವ ತೊಟ್ಟಿಯಲ್ಲಿ ಹಾಲು ನಿಂತೇ ಇರುತ್ತದೆ, ಕಲಕುವ ಬ್ಲೇಡ್ ತಿರುಗುತ್ತಿರುತ್ತದೆ. ಹಾಲಿನ ಮೇಲಿನ ನೊರೆ ಮತ್ತು ಮುಚ್ಚಳದ ಕೆಳಗಿನ ಗಾಳಿ ತಣ್ಣಗಿದ್ದರೆ ನೊರೆಯಲ್ಲಿರುವ ಹಾಲಿಗೆ 63 ಡಿಗ್ರಿ ಸಿಗುವುದೇ ಇಲ್ಲ. ಅದಕ್ಕೆ ಆ ಗಾಳಿಯನ್ನು 63ಕ್ಕಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇಡಬೇಕು. ಇದನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. 30 ನಿಮಿಷದ ಎಣಿಕೆ ಶುರುವಾಗುವುದು ಎಲ್ಲ ಹಾಲೂ 63 ಮುಟ್ಟಿದ ಮೇಲೆ, ಸ್ಟೀಮ್ ಬಿಟ್ಟಾಗಿನಿಂದ ಅಲ್ಲ. ಮಧ್ಯೆ ಒಂದು ಬಕೆಟ್ ಹಾಲು ಸುರಿದರೂ ಮತ್ತೆ ಮೊದಲಿನಿಂದ ಎಣಿಸಬೇಕು. ಏರಿಸೋದು, ಇಳಿಸೋದು ಸೇರಿದರೆ ಒಂದು ಬ್ಯಾಚ್‌ಗೆ ಗಂಟೆಗಟ್ಟಲೆ ಬೇಕು. ಗಂಟೆಗೆ 5000 ಲೀಟರ್ ಹಾಲು ಹೋಗುವ ಕಡೆ ಇದು ಆಗದ ಮಾತು, ಚಿಕ್ಕ ಪ್ರಮಾಣಕ್ಕೆ ಚೆನ್ನಾಗಿ ನಡೆಯುತ್ತದೆ.

ಎಚ್‌ಟಿಎಸ್‌ಟಿ ಗೆಲ್ಲುವುದು ರೀಜನರೇಷನ್ ಇಂದ. ಒಳಗೆ ಬರುವ 4 ಡಿಗ್ರಿಯ ಹಸಿ ಹಾಲು, ಆಗಷ್ಟೇ ಕಾದು ಬಂದ 72 ಡಿಗ್ರಿಯ ಹಾಲಿನಿಂದ ಬಿಸಿ ತೆಗೆದುಕೊಂಡು 64 ಆಗುತ್ತದೆ ಅಂದುಕೊಳ್ಳಿ. ಬೇಕಿದ್ದ 68 ಡಿಗ್ರಿಯಲ್ಲಿ 60 ಡಿಗ್ರಿ ಬಿಟ್ಟಿ ಸಿಕ್ಕಿತು, ಅಂದರೆ 88 ಶೇಕಡ. ಸ್ಟೀಮ್ ಖರ್ಚೂ ಉಳಿಯಿತು, ತಂಪು ಮಾಡುವ ಕರೆಂಟೂ ಉಳಿಯಿತು. ಆದರೆ ಇದಕ್ಕಾಗಿ ಹಸಿ ಹಾಲನ್ನೂ ಕಾಯಿಸಿದ ಹಾಲನ್ನೂ ರೀಜನರೇಟರ್ ಒಳಗೆ ಒಂದು ತೆಳ್ಳನೆ ಸ್ಟೀಲ್ ಪ್ಲೇಟಿನ ಆಚೆ ಈಚೆ ಓಡಿಸುತ್ತೇವೆ. ತೊಟ್ಟಿಯಲ್ಲಿ ಇಲ್ಲದ ಅಪಾಯ ಇಲ್ಲಿ ಹುಟ್ಟುತ್ತದೆ.

ನಮ್ಮಲ್ಲಿ ಒಂದು ಬೆಳಿಗ್ಗೆ ಪೌಚ್ ಹಾಲಿನ ಫಾಸ್ಫಟೇಸ್ ಟೆಸ್ಟ್ ಪಾಸಿಟಿವ್ ಬಂತು. ಫಾಸ್ಫಟೇಸ್ ಹಸಿ ಹಾಲಿನಲ್ಲಿ ಹುಟ್ಟಿನಿಂದಲೇ ಇರುವ ಎಂಜೈಮ್. ಕ್ಷಯ ಮತ್ತು ಕ್ಯೂ ಜ್ವರದ ರೋಗಾಣುಗಳಿಗಿಂತ ಸ್ವಲ್ಪ ಗಟ್ಟಿ, ಹಾಗಾಗಿ ಇದು ಸತ್ತಿದ್ದರೆ ಅವೂ ಸತ್ತಿವೆ ಅಂತ ಅರ್ಥ. ಟೆಸ್ಟ್‌ನಲ್ಲಿ ಪ್ಯಾರಾ ನೈಟ್ರೊಫಿನೈಲ್ ಫಾಸ್ಫೇಟ್ ಇರುವ ಬಫರ್‌ಗೆ ಹಾಲು ಹಾಕಿ 37 ಡಿಗ್ರಿಯಲ್ಲಿ 2 ಗಂಟೆ ಇಡುತ್ತೇವೆ. ಎಂಜೈಮ್ ಉಳಿದಿದ್ದರೆ ಹಳದಿ ಬಣ್ಣ ಬರುತ್ತದೆ. ಪಕ್ಕದಲ್ಲಿ ಕುದಿಸಿದ ಹಾಲಿನ ಟ್ಯೂಬ್ ಇಟ್ಟು ಹೋಲಿಸುತ್ತೇವೆ. ಅವತ್ತು ಪೌಚ್ ಟ್ಯೂಬ್ ಹಳದಿ, ಎದ್ದು ಕಾಣುವಷ್ಟು.

ಪ್ಲಾಂಟ್‌ಗೆ ಇಳಿದು ಚಾರ್ಟ್ ನೋಡಿದರೆ ರಾತ್ರಿಯಿಡೀ 72.5ರ ಗೆರೆ ನೆಟ್ಟಗಿದೆ. ಒಮ್ಮೆಯೂ ಡೈವರ್ಟ್ ಆಗಿಲ್ಲ. ಪ್ಯಾಶ್ಚರೈಸರ್ ನೋಡಿಕೊಳ್ಳುವ ಕಾಕಾ ಅಕ್ಕಲಕೋಟದವರು, ಕನ್ನಡದಲ್ಲೇ ಮಾತು. ಅವರೂ ಗೊಂದಲದಲ್ಲಿದ್ದರು: "ಚಾರ್ಟ್ ಸುಳ್ಳು ಹೇಳೂದಿಲ್ಲ ತಂಗಿ. ಹಾಲು ಕಾದೈತಿ. ಕಾದ ಮ್ಯಾಲೆ ಏನೋ ಆಗೈತಿ."

ಅವರು ಹೇಳಿದ್ದು ನಿಜ. ಹಾಗಿದ್ದರೆ ಸ್ಯಾಂಪಲ್ ಎಲ್ಲಿ ತೆಗೆಯಬೇಕು ಅನ್ನೋದೇ ಪ್ರಶ್ನೆ. ಹೋಲ್ಡಿಂಗ್ ಟ್ಯೂಬ್ ಮುಗಿಯುವಲ್ಲಿ ಒಂದು, ರೀಜನರೇಟರ್ ದಾಟಿದ ಮೇಲೆ ಒಂದು, ಕಾದ ಹಾಲು ತುಂಬಿಡುವ ಸೈಲೊದಿಂದ ಒಂದು ತೆಗೆದೆವು. ಮೊದಲನೆಯದರಲ್ಲಿ ಬಣ್ಣವೇ ಇಲ್ಲ. ಎರಡನೆಯದರಲ್ಲಿ ಹಳದಿ. ಸೈಲೊದಲ್ಲೂ ಹಳದಿ. ಅಂದರೆ ಹಾಲು ಸರಿಯಾಗಿ ಕಾದಿದೆ, ರೀಜನರೇಟರ್ ಒಳಗೆ ಹಸಿ ಹಾಲು ಸೇರಿಕೊಂಡಿದೆ. ಡೈವರ್ಷನ್ ವಾಲ್ವ್ ಇದನ್ನು ಹಿಡಿಯಲಾರದು, ಯಾಕೆಂದರೆ ಅದು ಇರುವುದೇ ರೀಜನರೇಟರ್‌ಗಿಂತ ಮೊದಲು. ಈ ಟೆಸ್ಟ್ ನೂರರಲ್ಲಿ 0.2 ಭಾಗ ಹಸಿ ಹಾಲನ್ನೂ ತೋರಿಸಬಲ್ಲದು. 5000 ಲೀಟರ್‌ಗೆ 10 ಲೀಟರ್ ಬೆರೆತರೂ ಸಾಕು, ಥರ್ಮಾಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ.

ಆಮೇಲೆ ಪ್ರೆಷರ್ ಗೇಜ್ ನೋಡಿದೆವು. ನಿಯಮ ಏನೆಂದರೆ, ರೀಜನರೇಟರ್‌ನಲ್ಲಿ ಕಾದ ಹಾಲಿನ ಕಡೆಯ ಒತ್ತಡ ಹಸಿ ಹಾಲಿನ ಕಡೆಗಿಂತ ಯಾವಾಗಲೂ ಜಾಸ್ತಿ ಇರಬೇಕು, ಕನಿಷ್ಠ 0.07 ಬಾರ್. ಹಾಗಿದ್ದರೆ ಪ್ಲೇಟ್ ತೂತಾದರೂ ಕಾದ ಹಾಲೇ ಹಸಿ ಕಡೆಗೆ ಸೋರುತ್ತದೆ, ನಷ್ಟವಾದರೂ ಅಪಾಯವಿಲ್ಲ. ನಮ್ಮಲ್ಲಿ ಹೊರಹೋಗುವ ದಾರಿಯ ಬ್ಯಾಕ್ ಪ್ರೆಷರ್ ವಾಲ್ವ್ ಸಡಿಲವಾಗಿ ಕಾದ ಕಡೆಯ ಒತ್ತಡ ಬಿದ್ದಿತ್ತು. ಪ್ಲೇಟ್ ಬಿಚ್ಚಿ ಒಂದು ಬದಿಗೆ ಡೈ ಹಚ್ಚಿ, ಇನ್ನೊಂದು ಬದಿ ಅಲ್ಟ್ರಾವಯೊಲೆಟ್ ದೀಪದಲ್ಲಿ ನೋಡಿದಾಗ ಒಂದು ಪ್ಲೇಟಿನಲ್ಲಿ, ಏಣುಗಳು ಪಕ್ಕದ ಪ್ಲೇಟಿಗೆ ತಾಗುವ ಜಾಗದಲ್ಲಿ, ಸೂಜಿ ಮೊನೆಯಷ್ಟು ಚುಕ್ಕೆ ಹೊಳೆಯಿತು. ಎರಡು ತಪ್ಪೂ ಒಟ್ಟಿಗೆ ಕೂಡಿದ್ದವು. ಒತ್ತಡ ಸರಿಯಿದ್ದಿದ್ದರೆ ಆ ತೂತು ಇನ್ನೂ ಎಷ್ಟೋ ದಿನ ಕಾಣಿಸುತ್ತಿರಲಿಲ್ಲ. ಹಾಗಾಗಿ ಈಗ ಎರಡೂ ಕಡೆಯ ಒತ್ತಡವನ್ನು ಶಿಫ್ಟ್ ಪುಸ್ತಕದಲ್ಲಿ ಬರೆಸುತ್ತೇವೆ, ಬಿಸಿಯ ಪಕ್ಕದಲ್ಲೇ.

ಪಾಸಿಟಿವ್ ಬಂದ ತಕ್ಷಣ ಸೋರಿಕೆ ಅಂತ ತೀರ್ಮಾನಿಸಬೇಡಿ. ತುಂಬಾ ಹೆಚ್ಚು ಬಿಸಿಯಲ್ಲಿ, ತೀರಾ ಕಡಿಮೆ ಹೊತ್ತು ಕಾಯಿಸಿದ ಹಾಲಿನಲ್ಲಿ, ಅದರಲ್ಲೂ ಕ್ರೀಮ್‌ನಲ್ಲಿ, ಸತ್ತ ಫಾಸ್ಫಟೇಸ್ ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಕೆಲಸ ಶುರು ಮಾಡುವುದುಂಟು. ಹಾಗಾದಾಗ ಈಗಷ್ಟೇ ಹೊರಬಂದ ಹಾಲು ನೆಗೆಟಿವ್ ಇರುತ್ತದೆ, ಇಟ್ಟ ಹಾಲು ಮಾತ್ರ ಪಾಸಿಟಿವ್ ಆಗುತ್ತದೆ. ನಮ್ಮದು ರೀಜನರೇಟರ್ ದಾಟಿದ ಕ್ಷಣದಲ್ಲೇ ಹಳದಿ ತೋರಿಸಿತ್ತು, ಅದಕ್ಕೇ ಪ್ಲೇಟ್ ಬಿಚ್ಚುವ ಧೈರ್ಯ ಬಂತು. ಸೈಲೊದಲ್ಲಿದ್ದ ಅಷ್ಟೂ ಹಾಲನ್ನು ತಡೆದು, ಪ್ಲೇಟ್ ಬದಲಿಸಿ, ವಾಲ್ವ್ ಸರಿಮಾಡಿ, ಮತ್ತೆ ಪಾಶ್ಚರೀಕರಿಸಿ, ಮೂರೂ ಕಡೆಯ ಸ್ಯಾಂಪಲ್ ಬಣ್ಣವಿಲ್ಲದೆ ಬಂದ ಮೇಲೆಯೇ ಪ್ಯಾಕಿಂಗ್‌ಗೆ ಬಿಟ್ಟೆವು.