ಖೋಲಿ ಹಿಡಿದಿಡ್ರಿ ಅಂತ ಜರ್ಮನಿಗೆ ಬರೆದಿದ್ದು

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮೇಲೆ ಮೂರು ಖೋಲಿ, ಮೂರರಲ್ಲೂ ಕೋಚಿಂಗ್ ಹುಡುಗರು. ಬಾಡಿಗೆಗೆ ಕೊಡೋರ ಮನೆಯಲ್ಲೇ ಬೆಳೆದವನು ನಾನು. ಆದರೂ ಕಳೆದ ವರ್ಷ ಆಗಸ್ಟಿನಲ್ಲಿ, ಓದೋಕೆ ಹೋಗಬೇಕಿದ್ದ ಜರ್ಮನಿಯ ಮ್ಯಾಗ್ಡೆಬರ್ಗ್ ನಗರದಲ್ಲಿ ಖೋಲಿ ಹುಡುಕುವಾಗ ಬಾಡಿಗೆ ಕೊಡೋರು ಏನು ಯೋಚನೆ ಮಾಡ್ತಾರೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಎಂಟು ದಿನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮೇಲ್ ಕಳಿಸಿದ್ದೆ. ಎಲ್ಲದರಲ್ಲೂ ಅದೇ ಪಾಠ: ನಾನು ಒಳ್ಳೆಯ ಹುಡುಗ, ಸಿಗರೇಟು ಸೇದಲ್ಲ, ಓದಿನಲ್ಲಿ ಇಷ್ಟು ಮಾರ್ಕ್ಸ್, ದಯವಿಟ್ಟು ರೂಮು ಕೊಡಿ. ಒಬ್ಬರೂ ಉತ್ತರ ಕೊಡಲಿಲ್ಲ. ಒಂದು ಸಂಜೆ ಅಪ್ಪನಿಗೆ ಓದಿ ಹೇಳಿದೆ. ಅವರು ಚಹಾ ಕುಡಿಯುತ್ತಾ ಕೇಳಿ, 'ಇದರಾಗ ಯಾವಾಗ ಬರ್ತಿ ಅನ್ನೋದ ಇಲ್ಲಲ್ಲೋ. ರೊಕ್ಕ ಯಾರು ಕೊಡ್ತಾರ? ನೀ ಬರಲಿಲ್ಲಂದ್ರ ಅವರ ಖೋಲಿ ಖಾಲಿ ಬೀಳ್ತದ, ಅದಕ್ಕೇನಂತಿ?' ಅಂದರು. ವಿಜಯಪುರದ ಕಡೆಯಿಂದ ಫೋನ್ ಮಾಡಿ 'ಖೋಲಿ ಹಿಡಿದಿಡ್ರಿ ಕಾಕಾ' ಅಂದು ಆಮೇಲೆ ಪತ್ತೆನೇ ಇಲ್ಲದ ಹುಡುಗರು ನಮ್ಮಲ್ಲೂ ಬಂದು ಹೋಗಿದ್ದಾರೆ. ಜರ್ಮನಿಯವರಿಗೆ ನಾನೂ ಅಂಥವನೇ ಅಲ್ವಾ.

ಅವತ್ತು ರಾತ್ರಿ ಹೊಸದಾಗಿ ಬರೆದೆ. ಬರೆದಿದ್ದು ಒಬ್ಬ ವಯಸ್ಸಾದ ಹೆಂಗಸಿಗೆ. ಮೂರು ಕೋಣೆಯ ಫ್ಲಾಟು, ಅದರಲ್ಲಿ ಒಂದು ಅಕ್ಟೋಬರ್ 1ರಿಂದ ಖಾಲಿ. ಕರೆಂಟು, ಬೆಚ್ಚಗಿಡುವ ಖರ್ಚು ಎಲ್ಲ ಸೇರಿ ತಿಂಗಳಿಗೆ 340 ಯೂರೋ. ಅದರಲ್ಲಿ ಬರೀ ಬಾಡಿಗೆ 260. ಡಿಪಾಜಿಟ್ ಎರಡು ತಿಂಗಳ ಬರೀ ಬಾಡಿಗೆ, ಅಂದರೆ 520. ಹಳೆಯ ಮೇಲ್‌ನಲ್ಲಿ 'ಡಿಯರ್ ಮ್ಯಾಮ್' ಅಂತಿತ್ತು. ಅಲ್ಲೇ ಓದುತ್ತಿದ್ದ ನಮ್ಮೂರಿನ ಅಕ್ಕ ಒಬ್ಬರು, ನಮ್ಮಲ್ಲಿ ಶ್ರೀಮತಿ ಅನ್ನೋ ಹಾಗೆ ಫ್ರಾವ್ ಅಂತ ಹಾಕಿ ಅವರ ಅಡ್ಡಹೆಸರು ಬರಿ ಅಂದರು.

ವೀಸಾ ವಿಷಯವೇ ಕಷ್ಟದ್ದು. ಬೆಂಗಳೂರಿನಲ್ಲಿ ಆಗಸ್ಟ್ 8ಕ್ಕೆ ನನ್ನ ಅರ್ಜಿ ತಗೊಂಡಿದ್ದರು. ಯಾವಾಗ ಬರುತ್ತೆ ಅಂತ ಯಾರೂ ಹೇಳಲ್ಲ. ಮೊದಲು 'ಸೆಪ್ಟೆಂಬರ್ 10ರೊಳಗೆ ಖಂಡಿತ ಬರುತ್ತೆ' ಅಂತ ಬರೆದಿದ್ದೆ. ಅಪ್ಪ ಅದನ್ನು ಹೊಡೆದು ಹಾಕಿಸಿದರು. ನಿನ್ನ ಕೈಯಾಗ ಇಲ್ಲದ್ದು ಖಂಡಿತ ಅಂತ ಹ್ಯಾಂಗ ಬರೀತಿ ಅಂದರು. ಹಾಗಾಗಿ ನಡೆದಿದ್ದನ್ನಷ್ಟೇ ಬರೆದೆ: ಅರ್ಜಿ ಕೊಟ್ಟ ದಿನ, ಪ್ರವೇಶ ಪತ್ರ ಬಂದಿದೆ ಅನ್ನೋದು, ವೀಸಾ ಕೈಗೆ ಬಂದ ಮೇಲಷ್ಟೇ ಟಿಕೆಟ್ ತೆಗೀತೀನಿ ಅನ್ನೋದು. ಆಮೇಲೆ ಮುಖ್ಯ ಸಾಲು. ಸೆಪ್ಟೆಂಬರ್ 20ರೊಳಗೆ ವೀಸಾ ಬರದಿದ್ದರೆ ಅವತ್ತೇ ತಿಳಿಸ್ತೀನಿ, ಅಕ್ಟೋಬರ್ ಬಾಡಿಗೆ ನೀವೇ ಇಟ್ಕೊಳ್ಳಿ, ಡಿಪಾಜಿಟ್ ಮಾತ್ರ ವಾಪಸ್ ಕೊಡಿ, ಅಕ್ಟೋಬರ್ 31ಕ್ಕೆ ಕರಾರು ಮುಗೀಲಿ.

ದುಡ್ಡಿನ ಬಗ್ಗೆಯೂ ಬಿಡಿಸಿ ಹೇಳಬೇಕಾಯಿತು. ಜರ್ಮನಿಗೆ ಓದಲು ಹೋಗೋರು ಒಂದು ವರ್ಷದ ಖರ್ಚು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ನನ್ನ ಸಮಯಕ್ಕೆ 11,904 ಯೂರೋ ಇತ್ತು. ಬ್ಯಾಂಕಿನ ಸಾಲದಿಂದ ಅದನ್ನು ಇಟ್ಟಾಗಿತ್ತು. ಹಾಗಂತ ಅದರಿಂದ ಮೊದಲ ಬಾಡಿಗೆ ಕಟ್ಟೋಕಾಗಲ್ಲ. ಅಲ್ಲಿ ಇಳಿದು, ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುಗಡೆ ಆಗುತ್ತೆ. ಹಾಗಾಗಿ ಮೊದಲ ದುಡ್ಡು ಅಪ್ಪನ ಖಾತೆಯಿಂದ ಬರುತ್ತೆ, ಕಳಿಸಿದವರ ಹೆಸರು ಬೇರೆ ಇರುತ್ತೆ, ನನ್ನ ಹೆಸರು ವಿವರದ ಸಾಲಿನಲ್ಲಿರುತ್ತೆ ಅಂತ ಬರೆದೆ. ನವೆಂಬರ್ ಬಾಡಿಗೆ ನನ್ನ ಖಾತೆಯಿಂದ. ಅಲ್ಲಿ ತಿಂಗಳ ಮೂರನೇ ಕೆಲಸದ ದಿನದೊಳಗೆ ಬಾಡಿಗೆ ಕೊಡೋದು ಕಾನೂನು. ನನ್ನ ಖಾತೆ ಶುರುವಾಗೋದು ತಡವಾದರೆ ಅಂತ, ಆ ಒಂದು ತಿಂಗಳಿಗೆ 10ನೇ ತಾರೀಕಿನವರೆಗೆ ಸಮಯ ಕೇಳಿದೆ.

ಡಿಪಾಜಿಟ್ ಮೂರು ಕಂತಿನಲ್ಲಿ ಕೊಡಲಾ ಅಂತಲೂ ಕೇಳಿದೆ. ಇದನ್ನು ಬೇಡೋದೇನೂ ಬೇಕಿಲ್ಲ, ಮೂರು ತಿಂಗಳಲ್ಲಿ ಸಮ ಕಂತು ಅಲ್ಲಿನ ಕಾನೂನಿನಲ್ಲೇ ಇದೆ. ಆದರೂ ಕೇಳೋ ಥರ ಬರೆದೆ. ಮೊದಲ ಸಲ ಕಳಿಸೋ ದುಡ್ಡಿನ ಲೆಕ್ಕ ಹೀಗೆ: ಅಕ್ಟೋಬರ್ ಬಾಡಿಗೆ 340, ಅದಕ್ಕೆ 520ರ ಮೂರನೇ ಒಂದು ಪಾಲು 173.33, ಒಟ್ಟು 513.33.

ಮರುದಿನ ಸಂಜೆಯೇ ಉತ್ತರ ಬಂತು, ನಾಲ್ಕೇ ಸಾಲು. ಕಂತು ಸರಿ, 10ನೇ ತಾರೀಕೂ ಸರಿ. ಆದರೆ 20 ಬೇಡ, 15ಕ್ಕೆ ತಿಳಿಸು. ಯಾಕೆಂದರೆ ಬೇರೆ ಹುಡುಗರು ಸಿಗೋದು ತರಗತಿ ಶುರುವಾಗೋ ಮುಂಚೆ. ಅಪ್ಪ ಓದಿ 'ಶಾಣ್ಯಾ ಅದಾಳ' ಅಂದರು.

ನಮಗೂ ಅನುಮಾನ ಇಲ್ಲದೆ ಇರಲಿಲ್ಲ. ರೂಮೇ ಇಲ್ಲದೆ ದುಡ್ಡು ಕೇಳೋ ಮೋಸಗಾರರು ಜಾಸ್ತಿ. 'ನಾನು ಬೇರೆ ದೇಶದಲ್ಲಿದ್ದೀನಿ, ದುಡ್ಡು ಹಾಕಿ, ಕೀಲಿ ಪೋಸ್ಟಿನಲ್ಲಿ ಕಳಿಸ್ತೀನಿ' ಅನ್ನೋದು ಅವರ ಮಾಮೂಲಿ ಮಾತು. ಅದಕ್ಕೆ ಮೂರು ಕೆಲಸ ಮಾಡಿದೆ. ಅಕ್ಕ ಹೋಗಿ ಬಾಗಿಲ ಬೆಲ್ಲಿನ ಪಕ್ಕದ ಚೀಟಿಯಲ್ಲಿ ಅದೇ ಹೆಸರಿದೆಯಾ ನೋಡಿ, ಒಳಗೂ ಹೋಗಿ ಬಂದರು. ಕರಾರಿನಲ್ಲಿದ್ದ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಒಂದೇನಾ ನೋಡಿದೆ. ಮತ್ತೆ, ಬಂದ ಮೇಲೆ ವೊನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಕೊಡ್ತೀರಾ ಅಂತ ಕೇಳಿದೆ. ನಾಲಿಗೆ ತಿರುಗದ ಈ ಹೆಸರಿನದು, ಇವನು ನನ್ನ ಮನೆಯಲ್ಲಿದ್ದಾನೆ ಅಂತ ಮಾಲೀಕರು ಕೊಡುವ ಪತ್ರ. ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲಿಸೋಕೆ ಅದು ಬೇಕೇ ಬೇಕು. ಎಷ್ಟೋ ಬ್ಯಾಂಕಿನವರು ಖಾತೆ ತೆರೆಯೋಕೆ ಆ ದಾಖಲೆ ಕೇಳ್ತಾರೆ. ಮೋಸದವರು ಈ ಪ್ರಶ್ನೆಗೆ ಜಾರಿಕೊಳ್ತಾರೆ. ಇವರು 'ಖಂಡಿತ, ಮೊದಲ ದಿನವೇ' ಅಂದರು.

ಕರಾರಿನ ಪಿಡಿಎಫ್ ಬಂತು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ವಾಪಸ್ ಕಳಿಸಿದೆ. ನಮ್ಮ ಬ್ರಾಂಚಿನಲ್ಲಿ ವಿದೇಶಕ್ಕೆ ದುಡ್ಡು ಕಳಿಸೋ ಕೆಲಸ ಆಗಲ್ಲ, ಹುಬ್ಬಳ್ಳಿಗೆ ಹೋಗಿ ಅಂದರು. ಹೋದೆವು. ಪಾನ್ ಕಾರ್ಡು, ಪ್ರವೇಶ ಪತ್ರ, ಕರಾರಿನ ಪ್ರತಿ ಎಲ್ಲ ಕೇಳಿದರು. ಫಾರಂನಲ್ಲಿ ಶುಲ್ಕ ಯಾರದು ಅನ್ನೋ ಕಡೆ SHA ಅಂತ ಇತ್ತು, ಹಾಗೇ ಬಿಟ್ಟೆವು. ಅಲ್ಲೇ ತಪ್ಪಿದ್ದು. SHA ಅಂದರೆ ಶುಲ್ಕದಲ್ಲಿ ಇಬ್ಬರಿಗೂ ಪಾಲು. ದಾರಿಯಲ್ಲಿನ ಬ್ಯಾಂಕು ತನ್ನದು ಕತ್ತರಿಸಿಕೊಂಡು, ಅವರಿಗೆ ಮುಟ್ಟಿದ್ದು ಸುಮಾರು ಹದಿನೈದು ಯೂರೋ ಕಮ್ಮಿ. OUR ಹಾಕಿದ್ದರೆ ಆ ಕಡಿತದ ಭಾರ ನಮ್ಮ ಮೇಲಿರುತ್ತಿತ್ತು, ಅವರಿಗೆ ಸಾಮಾನ್ಯವಾಗಿ ಪೂರ್ತಿ ಮುಟ್ಟುತ್ತೆ. ನನಗೆ ನಾಚಿಕೆ ಆಗಿ ರಸೀದಿ ಹಚ್ಚಿ ಬರೆದೆ, ಉಳಿದದ್ದು ಬಂದ ದಿನ ಕೈಗೆ ಕೊಡ್ತೀನಿ ಅಂತ. ಸರಿ ಅಂದರು.

ಸೆಪ್ಟೆಂಬರ್ 15 ಬಂತು, ವೀಸಾ ಬರಲಿಲ್ಲ. ಸುಮ್ನೆ ಎರಡು ದಿನ ತಡೆದು ನೋಡೋಣ ಅನ್ನಿಸಿದ್ದು ನಿಜ. ಅವ್ವನೂ ಹಾಗೇ ಅಂದಳು. ಆದರೆ ಅಪ್ಪ ಮುಖ ನೋಡಿದರು, ಬರೆದೆ: ಇನ್ನೂ ಬಂದಿಲ್ಲ, ಮಾತಿನಂತೆ ಬೇರೆಯವರನ್ನು ನೋಡಬಹುದು. ಅವರ ಉತ್ತರ, ಅಕ್ಟೋಬರ್ ಬಾಡಿಗೆ ಬಂದಿದೆ, ಇನ್ನು ಐದು ದಿನ ಕಾಯ್ತೀನಿ. 18ರಂದು ಪಾಸ್‌ಪೋರ್ಟ್ ವಾಪಸ್ ಬಂತು. ವೀಸಾ ಪುಟದ ಫೋಟೋ ಕಳಿಸಲಿಲ್ಲ, ಅದನ್ನೆಲ್ಲ ಯಾರಿಗೂ ಕಳಿಸಬಾರದು. ವಿಮಾನದ ದಿನ, ರೈಲು ಬರೋ ಹೊತ್ತು ಅಷ್ಟೇ ಬರೆದೆ.

ಅಕ್ಟೋಬರ್ 1ರಂದು ಕೀಲಿ ಕೊಟ್ಟರು, ಆ ಉದ್ದ ಹೆಸರಿನ ಪತ್ರವನ್ನು ಮೊದಲೇ ಸಹಿ ಮಾಡಿ ಮೇಜಿನ ಮೇಲಿಟ್ಟಿದ್ದರು. ನಾನು ಹದಿನೈದು ಯೂರೋ ಎಣಿಸಿ ಕೊಟ್ಟೆ. ಅದಕ್ಕೂ ಒಂದು ರಸೀದಿ ಬರೆದು ಕೈಗಿಟ್ಟರು.