ಅರ್ಧ ಶ್ಲೋಕ ಸಾಕು ಅನ್ನೋದು ಯಾಕೆ?

“ನಿಮ್ಮ ಸ್ತೋತ್ರದ ವಿಡಿಯೋದಲ್ಲಿ ಅರ್ಧರ್ಧ ಶ್ಲೋಕ ಯಾಕೆ ತೋರಿಸ್ತೀರಿ? ಪೂರ್ತಿ ಶ್ಲೋಕ ಒಟ್ಟಿಗೇ ಹಾಕಿದರೆ ಏನು ತೊಂದರೆ?”

ಜಾಗ ಇಲ್ಲ, ಅಷ್ಟೇ. ಎಷ್ಟು ಜಾಗ ಬೇಕು ಅಂತ ನನಗೆ ಗೊತ್ತಾದದ್ದು ಮಾತ್ರ ಸ್ವಲ್ಪ ತಡವಾಗಿ.

ಬದಿಯಡ್ಕದ ಹತ್ತಿರ ನಮ್ಮ ಮನೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದು ಬಾಕಿ. ಅವರಿಗಾಗಿ ಒಂದು ಗಣಪತಿ ಸ್ತೋತ್ರದ ವಿಡಿಯೋ ಮಾಡಿದೆ. ಕುಂಕುಮ ಬಣ್ಣದ ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ, ನಾಲ್ಕು ಸಾಲು, ಮೂಲೆಯಲ್ಲಿ ಮಿನುಗುವ ದೀಪ. ದೊಡ್ಡಮ್ಮ ಟಿವಿ ನೋಡುತ್ತಾ ಒಂದಕ್ಷರ ತಪ್ಪದೆ ಹೇಳಿದರು. ನನಗೆ ಖುಷಿಯೋ ಖುಷಿ. ಆಮೇಲೆ ಅವರೇ ಹೇಳಿದರು: “ಇದು ಎನಗೆ ಬಾಯಿಪಾಠ ಬತ್ತು ಮಗಾ, ಓದಿದ್ದಲ್ಲ.”

ಹಿರಿಯರಿಗೆ ತೋರಿಸಿ ಪರೀಕ್ಷೆ ಮಾಡುವವರು ಎಡವುವುದು ಇಲ್ಲೇ. ಗೊತ್ತಿರುವ ಸ್ತೋತ್ರ ತೋರಿಸಬಾರದು. ಮರುದಿನ ನಾನು ಅವರು ಕೇಳಿರದ ಶ್ಲೋಕವೊಂದನ್ನು ಟಿವಿಗೆ ಹಾಕಿ, ಸೌಂಡ್ ಬಂದ್ ಮಾಡಿ ಓದಿಸಿದೆ. ಅಕ್ಷರ ಎರಡು ಸೆಂಟಿಮೀಟರ್ ಎತ್ತರ ಇದ್ದಾಗ ‘ಧ’ ಹೋಗಿ ‘ದ’ ಆಯಿತು, ‘ಫ’ ಹೋಗಿ ‘ಪ’ ಆಯಿತು. ಮೂರೂವರೆ ಸೆಂಟಿಮೀಟರಿಗೆ ಬಂದಾಗ ಸಲೀಸಾಗಿ ಓದಿದರು. ಅವರು ಕೂರುವುದು ಟಿವಿಯಿಂದ ಎಂಟು ಅಡಿ ದೂರ. ಹಾಗಾಗಿ ಇದು ನಮ್ಮ ಮನೆಯ ಲೆಕ್ಕ, ನಿಮ್ಮಲ್ಲಿ ಬೇರೆ ಬರಬಹುದು. ಫಾಂಟ್ ಸೈಜಿನ ನಂಬರ್ ನಂಬಬೇಡಿ. ಒಂದೇ ನಂಬರಿಗೆ ಒಂದೊಂದು ಫಾಂಟಿನ ಅಕ್ಷರ ಒಂದೊಂದು ಎತ್ತರ ಇರುತ್ತದೆ. ಸ್ಕೇಲ್ ಹಿಡಿದು ಪರದೆಯ ಮೇಲಿನ ‘ಅ’ವನ್ನೇ ಅಳೆಯಿರಿ.

ಈಗ ಜಾಗದ ಲೆಕ್ಕ. 32 ಇಂಚಿನ ಟಿವಿಯ ಪರದೆ ಸುಮಾರು 70 ಸೆಂಟಿಮೀಟರ್ ಅಗಲ, 40 ಎತ್ತರ. ಸ್ತೋತ್ರ ಅನುಷ್ಟುಪ್ ಛಂದಸ್ಸಿನದು, ಅಂದರೆ ಎಂಟೆಂಟು ಅಕ್ಷರದ ನಾಲ್ಕು ಪಾದ. ಮೂರೂವರೆ ಸೆಂಟಿಮೀಟರ್ ಎತ್ತರದ ಕನ್ನಡ ಅಕ್ಷರ, ದೀರ್ಘವೆಲ್ಲ ಸೇರಿ, ಸರಾಸರಿ ಐದೂವರೆ ಅಗಲ ತಿನ್ನುತ್ತದೆ. ಎಂಟು ಅಕ್ಷರಕ್ಕೆ 44 ಆಯಿತು. ಒಂದು ಪಾದ ಆರಾಮವಾಗಿ ಕೂರುತ್ತದೆ. ಒಂದೇ ಸಾಲಿಗೆ ಎರಡು ಪಾದ ಹಾಕಿದರೆ 88, ಪರದೆಯ ಹೊರಗೆ. ಇನ್ನು ಎತ್ತರ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ನಡುವೆ ಸ್ವಲ್ಪ ಬಿಡುವು ಸೇರಿದರೆ ಒಂದು ಸಾಲಿಗೆ ಒಂಬತ್ತು, ಹತ್ತು ಸೆಂಟಿಮೀಟರ್ ಬೇಕು. ನಾಲ್ಕು ಸಾಲು ತುರುಕಿದರೆ ಪರದೆ ಅಂಚಿನಿಂದ ಅಂಚಿಗೆ ತುಂಬಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಂಸ್ಕೃತದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವುದೂ ಇದೆ, ಅಲ್ವಾ? ಅದಕ್ಕೇ ಎರಡು ಸಾಲು. ಕೆಳಗೆ ಉಳಿದ ಜಾಗದಲ್ಲಿ ಯೂಟ್ಯೂಬಿನ ಪಟ್ಟಿ ಬಂದರೂ ಅಕ್ಷರ ಮುಚ್ಚುವುದಿಲ್ಲ.

ಹಾಗಾದರೆ ಅಕ್ಷರವನ್ನು ದಪ್ಪ ಮಾಡಿ ಸ್ವಲ್ಪ ಚಿಕ್ಕದಾಗಿಸಿದರೆ? ಮಾಡಿ ನೋಡಿದೆ. ಕನ್ನಡಕ್ಕೆ ಅದು ಆಗಿಬರುವುದಿಲ್ಲ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಸಣ್ಣ ಸೀಳು ಮಾತ್ರ. ತೀರಾ ದಪ್ಪ ಫಾಂಟಿನಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ನೆರಳು, ಹೊಳಪಿನ ಅಂಚು ಹಾಕಿದರೂ ಅದೇ ಕಥೆ. ನಾನೀಗ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಮಧ್ಯಮ ದಪ್ಪದಲ್ಲಿ ಬಳಸುತ್ತೇನೆ, ಸೀಳು ಎದ್ದು ಕಾಣುತ್ತದೆ.

ಕುಂಕುಮ ಬಣ್ಣವನ್ನೂ ಬಿಟ್ಟೆ. ಕಣ್ಣಿಗೆ ಹಬ್ಬ ನಿಜ, ಓದಲಿಕ್ಕೆ ಕಷ್ಟ. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿಯ ಬೆಳಕಿನ ಅಂತರ ಲೆಕ್ಕ ಹಾಕಿದರೆ ನಾಲ್ಕು ಪಟ್ಟಿಗೂ ಕಮ್ಮಿ. ಅದೇ ಹಳದಿ ಕಪ್ಪಿನ ಮೇಲೆ ಹತ್ತೊಂಬತ್ತು ಪಟ್ಟಿಗಿಂತ ಜಾಸ್ತಿ. ಬಿಳಿ ಹಿನ್ನೆಲೆಯೂ ಬೇಡ. ಪೊರೆ ಇರುವ ಕಣ್ಣಿನಲ್ಲಿ ಬೆಳಕು ಚದುರಿ ಇಡೀ ಪರದೆ ಮಂಜು ಮಂಜಾಗುತ್ತದೆ. ದೀಪ ಈಗ ಮೊದಲ ಐದು ಸೆಕೆಂಡು ಮಾತ್ರ. ಅಕ್ಷರದ ಪಕ್ಕ ಏನಾದರೂ ಅಲ್ಲಾಡಿದರೆ ದೊಡ್ಡಮ್ಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಸಾಲುಗಳು ಕೆಳಗಿನಿಂದ ಮೇಲೆ ಜಾರುವುದೂ ಇಲ್ಲ. ಅರ್ಧ ಶ್ಲೋಕ ಬಂದು ನಿಲ್ಲುತ್ತದೆ, ಒಂದು ಸೆಕೆಂಡ್ ಬಿಟ್ಟು ದನಿ ಶುರು. ಹೇಳಲಿಕ್ಕೆ ಏಳು ಸೆಕೆಂಡ್. ದನಿ ನಿಂತ ಮೇಲೂ ಎರಡು ಸೆಕೆಂಡ್ ಅಕ್ಷರ ಇರುತ್ತದೆ. ಅಲ್ಲಿಗೆ ಪೂರ್ತಿ ಶ್ಲೋಕಕ್ಕೆ ಇಪ್ಪತ್ತು ಸೆಕೆಂಡ್. ಮಾಮೂಲಿ ವೇಗದಲ್ಲಿ ಹೇಳಿದ್ದನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ನಿಧಾನ ಮಾಡಲು ಹೋಗಬೇಡಿ, ನಿದ್ದೆಗಣ್ಣಲ್ಲಿ ಹೇಳಿದ ಹಾಗೆ ಕೇಳುತ್ತದೆ. ಹೇಳುವಾಗಲೇ ನಿಧಾನವಾಗಿ ಹೇಳಿಸಿ.

ಒಂದು ತೊಂದರೆ ಮಾತ್ರ ಉಳಿದಿದೆ. ಕೆಲವು ಶ್ಲೋಕಗಳಲ್ಲಿ ಉದ್ದದ ಸಮಾಸ ಒಂದು ಪಾದದಿಂದ ಇನ್ನೊಂದಕ್ಕೆ ದಾಟುತ್ತದೆ. ಅಲ್ಲಿ ಪದ ಕೂಡುವ ಜಾಗದಲ್ಲೇ ಮುರಿದು, ಸಾಲಿನ ಕೊನೆಗೆ ಸಣ್ಣ ಗೆರೆ ಇಡುತ್ತೇನೆ. ದೊಡ್ಡಮ್ಮ ಮೊದಲ ಸಲ ಆ ಗೆರೆಯನ್ನೂ ಒಂದು ಅಕ್ಷರ ಅಂದುಕೊಂಡು, ಏನಿರಬಹುದು ಅಂತ ತುಂಬಾ ಹೊತ್ತು ನೋಡಿದರು.