ಕೆನೆ ಕಟ್ಟಿದ ರಕ್ತ

ಲ್ಯಾಬಿನಿಂದ ಫೋನ್ ಬಂದರೆ ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. "ನಿಮ್ಮ ಸ್ಯಾಂಪಲ್ ಕೆಟ್ಟಿದೆ. ಉಪವಾಸವಿದ್ದು ಮತ್ತೆ ಬನ್ನಿ." ನಾನು ಹದಿನಾಲ್ಕು ಗಂಟೆ ಉಪವಾಸವಿದ್ದೇ ಹೋಗಿರುತ್ತಿದ್ದೆ. ಹಾಗೆಂದರೆ ಆ ಕಡೆ ಒಂದು ಕ್ಷಣ ಮೌನ. ನಂಬದವರ ಮೌನಕ್ಕೆ ಬೇರೆಯದೇ ಸದ್ದಿರುತ್ತದೆ.

ಈಗ ಹೇಳುತ್ತಿರುವುದು ನನ್ನ ಮೂರನೇ ಪ್ಯಾಂಕ್ರಿಯಾಟೈಟಿಸ್‌ನ ವಿಷಯ, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಆಗ ನನಗೆ 29 ವರ್ಷ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾದ ನೋವು ಬೆನ್ನಿಗೆ ತೂರಿ ಹೋಗುತ್ತಿತ್ತು. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಒಂದಿಷ್ಟು ಕಡಿಮೆ. ಮೊದಲ ಸಲ ಇದೇ ನೋವು ಬಂದಾಗ ಈ ಉರಿಯೂತದಲ್ಲಿ ರಕ್ತದಲ್ಲಿ ಏರುವ ಅಮೈಲೇಸ್ ಎಂಬ ಕಿಣ್ವ ಸಾಮಾನ್ಯ ಮಟ್ಟದಲ್ಲಿದೆ ಎಂದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರು. ರಕ್ತದಲ್ಲಿ ಕೊಬ್ಬು ವಿಪರೀತವಾಗಿದ್ದರೆ ಆ ಪರೀಕ್ಷೆಯೇ ದಾರಿ ತಪ್ಪಿ, ಏರಿರುವ ಅಮೈಲೇಸ್ ಕೂಡ ಸಾಮಾನ್ಯವೆಂದು ತೋರಬಹುದು. ಇದು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. ಎರಡು ದಿನ ಬಿಟ್ಟು ಸ್ಕ್ಯಾನ್ ಮಾಡಿದಾಗಲಷ್ಟೇ ಊದಿಕೊಂಡ ಗ್ರಂಥಿ ಕಂಡಿತ್ತು.

ಮೂರನೇ ಸಲ ಆಸ್ಪತ್ರೆ ಸೇರಿದಾಗ ನನ್ನ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 2,860 ಇತ್ತು. ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎನ್ನುವ ಲೆಕ್ಕ, 150ರ ಒಳಗಿರಬೇಕು. ಈ ಅಂಕಿಯ ತೂಕ ಏನೆಂದು ಆಮೇಲೊಮ್ಮೆ ನಾನೇ ಲೆಕ್ಕ ಹಾಕಿ ನೋಡಿದೆ. ಮೈಯಲ್ಲಿ ಸುಮಾರು ಮೂರು ಲೀಟರ್ ಪ್ಲಾಸ್ಮಾ ಇದೆ ಎಂದುಕೊಂಡರೆ, ಅದರಲ್ಲಿ ತೇಲುತ್ತಿದ್ದ ಕೊಬ್ಬು 85 ಗ್ರಾಂ ದಾಟುತ್ತದೆ. ಬೇರೆಯವರಲ್ಲಿ ಅದು ಮೂರ್ನಾಲ್ಕು ಗ್ರಾಂ. ಒಂದು ಊಟದ ಕೊಬ್ಬು ತೊಲಗುವ ಮೊದಲೇ ಇನ್ನೊಂದು ಊಟದ್ದು ಬಂದು, ಅದರ ಮೇಲೆ ಮತ್ತೊಂದು ಬಂದು ಸೇರುತ್ತಿತ್ತು.

ಅಷ್ಟು ಹೊತ್ತಿಗೆ ಎಂಟು ತಿಂಗಳಿಂದ ಟ್ರೈಗ್ಲಿಸರೈಡ್ ಇಳಿಸುವ ಫೆನೊಫೈಬ್ರೇಟ್ ಮಾತ್ರೆ ನುಂಗುತ್ತಿದ್ದೆ. ಜೊತೆಗೆ ದಿನಕ್ಕೆ ನಾಲ್ಕು ಗ್ರಾಂ ಮೀನೆಣ್ಣೆಯ ಕ್ಯಾಪ್ಸೂಲ್, ಕೊಲೆಸ್ಟರಾಲ್ ಇಳಿಸುವ ಒಂದು ಸ್ಟ್ಯಾಟಿನ್ ಮಾತ್ರೆ. ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೂ ರೌಂಡ್ಸಿಗೆ ಬಂದ ಹಿರಿಯರೊಬ್ಬರು ನನ್ನ ಫೈಲು ತಿರುವಿ ಹಾಕಿ, ಪಕ್ಕದಲ್ಲಿದ್ದವರಿಗೆ "ಔಷಧ ತಗೊಳ್ತಿಲ್ಲ, ಅಥವಾ ಕುಡೀತಾಳೆ" ಎಂದರು. ನಾನು ಅಲ್ಲೇ ಇದ್ದೆ, ಎಚ್ಚರವಾಗಿಯೇ ಇದ್ದೆ. ಜೀವಮಾನದಲ್ಲಿ ಮದ್ಯ ಮುಟ್ಟಿದವಳಲ್ಲ ಎಂದು ಅಮ್ಮ ಹೇಳಲು ಹೋದರು. ಅಷ್ಟರಲ್ಲಿ ಅವರು ಮುಂದಿನ ಹಾಸಿಗೆಯ ಹತ್ತಿರ ಇದ್ದರು.

ಅವತ್ತು ಸಂಜೆ ಬಂದ ಕಿರಿಯ ಡಾಕ್ಟರ್ ಏನೂ ಕೇಳಲಿಲ್ಲ. ರಕ್ತ ತೆಗೆದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪುಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಪ್ಲಾಸ್ಮಾ ತಿಳಿ ಹಳದಿಯಾಗಿರಬೇಕು. ನನ್ನದು ಹಾಲಿನಂತೆ ಬೆಳ್ಳಗಿತ್ತು. "ಇದನ್ನ ರಾತ್ರಿ ಫ್ರಿಜ್ಜಿನಲ್ಲಿ ಇಟ್ಟಿರ್ತೀನಿ. ಅಲುಗಾಡಿಸಬಾರದು. ಬೆಳಗ್ಗೆ ತೋರಿಸ್ತೀನಿ" ಎಂದು ಹೋದರು.

ಬೆಳಗ್ಗೆ ತಂದು ತೋರಿಸಿದರು. ಕಾಯಿಸಿ ಆರಿಸಿದ ಹಾಲಿನ ಹಾಗೆ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಅವರು ತೋರಿಸಬೇಕೆಂದಿದ್ದದ್ದು ಕೆನೆಯನ್ನಲ್ಲ, ಅದರ ಕೆಳಗಿದ್ದ ದ್ರವವನ್ನು. ಅದು ತಿಳಿಯಾಗಿತ್ತು.

ರಕ್ತದಲ್ಲಿ ಟ್ರೈಗ್ಲಿಸರೈಡ್ ಹೊತ್ತು ತಿರುಗುವ ದೊಡ್ಡ ವಾಹನಗಳು ಎರಡು. ನಾವು ತಿಂದ ಕೊಬ್ಬನ್ನು ಕರುಳು ಕೈಲೋಮೈಕ್ರಾನ್ ಎಂಬ ಕಣಗಳಲ್ಲಿ ತುಂಬಿ ದುಗ್ಧರಸದ ನಾಳದ ಮೂಲಕ ರಕ್ತಕ್ಕೆ ಬಿಡುತ್ತದೆ. ಯಕೃತ್ತು ತಾನೇ ತಯಾರಿಸಿದ ಕೊಬ್ಬನ್ನು ವಿಎಲ್‌ಡಿಎಲ್ ಎಂಬ ಇನ್ನೊಂದು ಬಗೆಯ ಕಣಗಳಲ್ಲಿ ಕಳಿಸುತ್ತದೆ. ಕೈಲೋಮೈಕ್ರಾನ್‌ಗಳು ದೊಡ್ಡವು, ಹಗುರ. ಒಂದು ರಾತ್ರಿ ಬಿಟ್ಟರೆ ತಾವೇ ತೇಲಿ ಮೇಲೆ ಸೇರುತ್ತವೆ. ವಿಎಲ್‌ಡಿಎಲ್ ಹಾಗೆ ತೇಲುವುದಿಲ್ಲ. ಅದು ಹೆಚ್ಚಿದ್ದರೆ ಕೆಳಗಿನ ದ್ರವ ಮಬ್ಬಾಗಿಯೇ ಇರುತ್ತದೆ. ಸಕ್ಕರೆ ಕಾಯಿಲೆ, ಮದ್ಯ, ಬೊಜ್ಜು, ಸಣ್ಣಪುಟ್ಟ ಹಲವು ಜೀನ್ ದೋಷಗಳು ಸೇರಿ ಟ್ರೈಗ್ಲಿಸರೈಡ್ ಸಾವಿರ ದಾಟಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಆ ಮಬ್ಬು. ನನ್ನಲ್ಲಿ ಕೆಳಗೆ ತಿಳಿ. ಅಂದರೆ ಇದ್ದದ್ದೆಲ್ಲ ಊಟದ ಕೊಬ್ಬೇ, ಹದಿನಾಲ್ಕು ಗಂಟೆಯಾದರೂ ಹೋಗದೆ ಉಳಿದದ್ದು. ಬೇರೆಯವರಲ್ಲಿ ಅಷ್ಟು ಹೊತ್ತಿಗೆ ಒಂದು ಕೈಲೋಮೈಕ್ರಾನ್ ಕೂಡ ಸಿಗುವುದು ಕಷ್ಟ.

"ಫ್ರಿಜ್ಜಿನ ಟ್ಯೂಬು ಸುಳಿವು ಅಷ್ಟೇ, ರುಜುವಾತು ಅಲ್ಲ" ಎಂದರು ಡಾಕ್ಟರ್. ಅಪೊಬಿ ಎಂಬ ಪ್ರೋಟೀನ್ ಅಳೆಸಿದರು: 52, ಕಡಿಮೆಯೇ. ಈ ಕಣ ಒಂದೊಂದರಲ್ಲೂ ಅಪೊಬಿ ಒಂದೇ ಇರುವುದರಿಂದ, ಅದನ್ನು ಅಳೆದರೆ ಕಣಗಳನ್ನು ಎಣಿಸಿದಂತೆ. ಕೊಬ್ಬು ಬೆಟ್ಟದಷ್ಟು, ಕಣಗಳು ಮಾತ್ರ ಕೆಲವೇ. ಹೊರೆಯೆಲ್ಲ ಕೆಲವೇ ದೈತ್ಯ ಕಣಗಳಲ್ಲಿದೆ ಎಂದಾಯಿತು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಕೂಡ ನನ್ನಲ್ಲಿ ತೀರ ಕಡಿಮೆ ಇತ್ತು. ಹಾಗಿದ್ದ ಮೇಲೆ ಆ ಸ್ಟ್ಯಾಟಿನ್ ಯಾವ ಕೆಲಸಕ್ಕೆ ಬರೆದಿದ್ದರೋ! ಬಳಿಕ ಜೀನ್ ಪರೀಕ್ಷೆಗೆ ಕಳಿಸಿದರು. ಹಲವು ವಾರಗಳ ಮೇಲೆ ಉತ್ತರ ಬಂತು: ಎಲ್‌ಪಿಎಲ್ ಜೀನಿನ ಎರಡೂ ಪ್ರತಿಗಳು ಕೆಟ್ಟಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೊಂದೇ ಕೆಟ್ಟ ಪ್ರತಿ ಇದ್ದ ಅವರಿಬ್ಬರಿಗೂ ಯಾವ ತೊಂದರೆಯೂ ಆಗಿರಲಿಲ್ಲ. ಕಾಯಿಲೆಯ ಹೆಸರು ಕೌಟುಂಬಿಕ ಕೈಲೋಮೈಕ್ರೊನೀಮಿಯಾ. ಹತ್ತು ಲಕ್ಷದಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು.

ಮಾತ್ರೆಗಳು ಯಾಕೆ ಸೋತವು ಎಂಬುದನ್ನು ಡಾಕ್ಟರ್ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶದ ಸಣ್ಣ ರಕ್ತನಾಳಗಳ ಒಳಗೋಡೆಗೆ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅಂಟಿಕೊಂಡಿರುತ್ತದೆ. ಕೈಲೋಮೈಕ್ರಾನ್ ಹಾದುಹೋಗುವಾಗ ಅದು ಹಿಡಿದು ನಿಲ್ಲಿಸಿ, ಒಳಗಿನ ಕೊಬ್ಬನ್ನು ಒಡೆದು ಇಳಿಸಿಕೊಳ್ಳುತ್ತದೆ. ನನ್ನ ಕೆಟ್ಟ ಜೀನು ತಯಾರಿಸಬೇಕಾದದ್ದು ಈ ಕಿಣ್ವವನ್ನೇ.

ಫೆನೊಫೈಬ್ರೇಟ್ ಮುಖ್ಯವಾಗಿ ಮಾಡುವುದು ಈ ಕಿಣ್ವವನ್ನು ಹೆಚ್ಚಿಸುವುದು, ಅದಕ್ಕಿರುವ ಅಡ್ಡಿಯನ್ನು ತಗ್ಗಿಸುವುದು. ನನ್ನ ಮೈ ಆ ಆಜ್ಞೆಯನ್ನು ಪಾಲಿಸಿಯೇ ಇದ್ದಿರಬೇಕು. ಆದರೆ ಹೆಚ್ಚು ತಯಾರಿಸಿದರೂ ಹೆಚ್ಚು ಬರುವುದು ಕೆಟ್ಟ ಕಿಣ್ವವೇ. ಅಚ್ಚೇ ಸೊಟ್ಟಗಿರುವಾಗ ನೂರು ಇಟ್ಟಿಗೆ ಹೊಯ್ದರೆ ನೂರೂ ಸೊಟ್ಟ. ಮೀನೆಣ್ಣೆಯದು ಇನ್ನೂ ವಿಚಿತ್ರ. ಅದು ಮುಖ್ಯವಾಗಿ ತಗ್ಗಿಸುವುದು ಯಕೃತ್ತಿನಿಂದ ಹೊರಡುವ ವಿಎಲ್‌ಡಿಎಲ್ ಅನ್ನು. ನನ್ನಲ್ಲಿ ತುಂಬಿಕೊಂಡಿದ್ದು ಅದಲ್ಲ. ಮೇಲಾಗಿ ಮೀನೆಣ್ಣೆಯೂ ಎಣ್ಣೆಯೇ ತಾನೇ! ಕರುಳು ಅದನ್ನೂ ಕೈಲೋಮೈಕ್ರಾನಿಗೇ ತುಂಬುತ್ತದೆ. ನಾನು ಎಂಟು ತಿಂಗಳು ದಿನಾ ನಾಲ್ಕು ಗ್ರಾಂ ಕೊಬ್ಬನ್ನು ಔಷಧವೆಂದು ನುಂಗಿದ್ದೆ.

ಆಸ್ಪತ್ರೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಏನೂ ತಿನ್ನದಿರುವುದು. ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ. ಮೂರು ದಿನಕ್ಕೆ 2,860 ಇದ್ದದ್ದು 970ಕ್ಕೆ ಇಳಿಯಿತು. ಕಿಣ್ವ ಇಲ್ಲದಿದ್ದರೂ ಕೊಬ್ಬು ಹೊರಹೋಗಲು ನಿಧಾನದ ಬೇರೆ ದಾರಿಗಳಿವೆ. ಹೊಸದು ಬರುವುದು ನಿಂತರೆ ಅವು ಹಳೆಯದನ್ನು ಮೆಲ್ಲಗೆ ಖಾಲಿ ಮಾಡುತ್ತವೆ. "ಎಂಟು ತಿಂಗಳು ಮಾತ್ರೆ ಮಾಡದ್ದನ್ನ ಮೂರು ದಿನದ ಉಪವಾಸ ಮಾಡಿದೆ ನೋಡಿ. ಇದೂ ಒಂದು ಸುಳಿವೇ" ಎಂದರು ಡಾಕ್ಟರ್.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಲೆಕ್ಕ. ದಿನಕ್ಕೆ 15 ಗ್ರಾಂ ಕೊಬ್ಬು, ಎಲ್ಲ ಸೇರಿ. ಒಂದು ಟೀ ಚಮಚ ಎಣ್ಣೆಯಲ್ಲೇ ನಾಲ್ಕೂವರೆ ಗ್ರಾಂ ಇರುತ್ತದೆ. ಮೂರು ಚಮಚಕ್ಕೆ ದಿನದ ಲೆಕ್ಕ ಬಹುಪಾಲು ಮುಗಿಯಿತು. ಅದೂ ಧಾನ್ಯ, ಬೇಳೆಗಳಲ್ಲಿ ಅಡಗಿರುವ ಕೊಬ್ಬನ್ನು ಎಣಿಸದೆ. ಒಳ್ಳೆಯ ಎಣ್ಣೆ, ಕೆಟ್ಟ ಎಣ್ಣೆ ಎಂಬ ಭೇದ ಇಲ್ಲಿ ನಡೆಯುವುದಿಲ್ಲ. ಬೀಜಗಳು ಹೃದಯಕ್ಕೆ ಒಳ್ಳೆಯದು ಎಂದು ಒಂದು ಹಿಡಿ ತಿಂದರೆ ನನಗೆ ಅವತ್ತಿನ ಕೋಟಾ ಮುಗಿದಂತೆ. ಹಾಗಂತ ಸೊನ್ನೆಗೆ ಇಳಿಸುವಂತೆಯೂ ಇಲ್ಲ. ಮೈ ತಾನೇ ತಯಾರಿಸಲಾರದ ಕೊಬ್ಬಿನಾಮ್ಲಗಳಿಗೆ, ಎ, ಡಿ, ಇ, ಕೆ ವಿಟಮಿನ್‌ಗಳಿಗೆ ಒಂದಿಷ್ಟು ಬೇಕೇ ಬೇಕು. ಅಡುಗೆಗೆ ಎಂಸಿಟಿ ಎಣ್ಣೆ ಬಳಸಬಹುದು ಎಂದರು ಆಹಾರ ತಜ್ಞೆ. ಅದರ ಕೊಬ್ಬಿನಾಮ್ಲಗಳ ಸರಪಳಿ ಚಿಕ್ಕದು; ಕೈಲೋಮೈಕ್ರಾನ್ ಹತ್ತದೆ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಮೊದಲ ವಾರ ಒಂದೇ ಸಲಕ್ಕೆ ಜಾಸ್ತಿ ಹಾಕಿಕೊಂಡು ಹೊಟ್ಟೆ ಕೆಡಿಸಿಕೊಂಡೆ, ಅದು ಬೇರೆ ಕಥೆ. ಸಕ್ಕರೆಯನ್ನೂ ಕಡಿಮೆ ಮಾಡಬೇಕಾಯಿತು, ಹೆಚ್ಚಾದ ಸಕ್ಕರೆಯಿಂದ ಯಕೃತ್ತು ಕೊಬ್ಬು ತಯಾರಿಸುತ್ತದಾದ್ದರಿಂದ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನನಗೆ ಸಲ್ಲದು ಎಂದು ಫೈಲಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ.

ಕಿಣ್ವವೇ ಇಲ್ಲದವರಿಗೆ ಔಷಧವೇ ಇಲ್ಲವೇ ಎಂದು ಮರುಭೇಟಿಯಲ್ಲಿ ಕೇಳಿದೆ. ಕಾಗದದಲ್ಲಿ ಇನ್ನೊಂದು ಚೌಕ ಬರೆದು ಅಪೊಸಿ-3 ಎಂದು ಹೆಸರಿಟ್ಟರು. ಈ ಪ್ರೋಟೀನು ಲೈಪೇಸಿಗೆ ಅಡ್ಡಿ ಮಾಡುತ್ತದೆ ಎಂಬುದು ಹಳೆಯ ತಿಳಿವಳಿಕೆ. ಹಾಗಾದರೆ ಲೈಪೇಸೇ ಇಲ್ಲದವರಲ್ಲಿ ಅದನ್ನು ತೆಗೆದರೆ ಏನು ಲಾಭ? ಲಾಭ ಇದೆ ಎಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದರಲ್ಲಿ ಇದ್ದದ್ದು ಇದೇ ಕಾಯಿಲೆಯ ಮೂರೇ ಮೂರು ಜನ. ಅಪೊಸಿ-3 ತಯಾರಾಗದಂತೆ ತಡೆಯುವ ಚುಚ್ಚುಮದ್ದು ಕೊಟ್ಟಾಗ ಅವರ ಟ್ರೈಗ್ಲಿಸರೈಡ್ 56ರಿಂದ 86 ಶೇಕಡಾ ಇಳಿಯಿತು. ಯಕೃತ್ತು ಈ ಕಣಗಳನ್ನು ತಾನಾಗಿ ಒಳಗೆಳೆದುಕೊಳ್ಳುವ ಆ ನಿಧಾನದ ದಾರಿಗೂ ಅಪೊಸಿ-3 ಅಡ್ಡ ನಿಂತಿತ್ತು. ಮುಚ್ಚಿದ ಹೆಬ್ಬಾಗಿಲು ತೆರೆಯಲಿಲ್ಲ, ಹಿತ್ತಲ ಬಾಗಿಲಿನ ಚಿಲಕ ತೆಗೆಯಿತು.

ಆ ಮದ್ದು ವೊಲನೆಸೊರ್ಸೆನ್. 2019ರಲ್ಲಿ ಯುರೋಪಿನಲ್ಲಿ ಷರತ್ತಿನ ಒಪ್ಪಿಗೆ ಪಡೆಯಿತು. ಕೆಲವರಲ್ಲಿ ಪ್ಲೇಟ್‌ಲೆಟ್ ಅಪಾಯದ ಮಟ್ಟಕ್ಕೆ ಕುಸಿಯುವುದರಿಂದ ಪದೇ ಪದೇ ರಕ್ತ ಪರೀಕ್ಷೆ ಬೇಕು. ಅದೇ ತತ್ವದ ಒಲೆಜಾರ್ಸೆನ್‌ಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು: ತಿಂಗಳಿಗೊಂದು ಚುಚ್ಚುಮದ್ದು, ಜೊತೆಗೆ ಅದೇ ಕಡಿಮೆ ಕೊಬ್ಬಿನ ಊಟ. ಊಟದ ಲೆಕ್ಕದಿಂದ ಬಿಡುಗಡೆ ಇಲ್ಲ ಎಂದು ಕೇಳಿ ನನಗೆ ಕೊಂಚ ನಿರಾಸೆಯಾದದ್ದು ನಿಜ. ನನಗಿನ್ನೂ ಅದು ಸಿಕ್ಕಿಲ್ಲ.

ಫೆನೊಫೈಬ್ರೇಟ್, ಮೀನೆಣ್ಣೆ, ಸ್ಟ್ಯಾಟಿನ್ ಮೂರನ್ನೂ ಡಾಕ್ಟರ್ ನಿಲ್ಲಿಸಿದರು. ಈಗ ನನ್ನ ಅಂಕಿ 700ರಿಂದ 1,100ರ ನಡುವೆ ಓಡಾಡುತ್ತದೆ. 150ಕ್ಕೆ ಇಳಿಯುವ ಆಸೆ ನಮ್ಮಿಬ್ಬರಿಗೂ ಇಲ್ಲ, ಸಾವಿರದೊಳಗೆ ಇಡುವುದೇ ಗುರಿ. ಎರಡು ವರ್ಷದಿಂದ ಆಸ್ಪತ್ರೆ ಸೇರಿಲ್ಲ. ತಮ್ಮನಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ ಎಂದು ಅವನ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. 140 ಬಂತು. ವರದಿ ಬಂದ ದಿನ ಅವನು ಊಟಕ್ಕೆ ಕೂತು ತನ್ನ ತಟ್ಟೆಗೆ ಎರಡು ಚಮಚ ಎಣ್ಣೆ ಸುರಿದುಕೊಂಡ, ಆಮೇಲೆ ನನ್ನ ಮುಖ ನೋಡಿ ಬಾಟಲಿಯನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟ. "ಮೇಲೇ ಇಡೋ, ನಂಗೂ ಅರ್ಧ ಚಮಚ ಬಾಕಿ ಇದೆ" ಎಂದೆ.